90 ದಿನ ಕೇಳಿದ ಪಾರ್ಟಿಗೆ ನಾನು ಬರೆದ ಉತ್ತರ: ನನ್ನ ಅನುಭವ

ಧಾರವಾಡದಲ್ಲಿ ಕೂತು ಯಂತ್ರಗಳ ಕೈಪಿಡಿ ಮಾಡಿಕೊಡುವುದು ನನ್ನ ಕೆಲಸ. ಬರವಣಿಗೆ, ಚಿತ್ರ, ಪುಟ ವಿನ್ಯಾಸ ಎಲ್ಲ ನನ್ನದೇ. ಕೃಷಿ ಉಪಕರಣ ಮಾಡುವ ಒಂದು ಕಂಪನಿ ಕೆಲವು ವರ್ಷಗಳಿಂದ ನನ್ನ ದೊಡ್ಡ ಪಾರ್ಟಿ. ಅವರ ಖರೀದಿ ವಿಭಾಗದಿಂದ ಒಂದು ದಿನ ಮೇಲ್ ಬಂತು: ಇನ್ನು ಮುಂದೆ ಎಲ್ಲ ಬಿಲ್ಲಿನ ಹಣಕ್ಕೂ 30 ದಿನದ ಬದಲು 90 ದಿನ, ದಯವಿಟ್ಟು ಒಪ್ಪಿಗೆ ಕಳಿಸಿ.

ನಾನು ಒಪ್ಪಲಿಲ್ಲ. ಪಾರ್ಟಿಯೂ ಕೈ ಬಿಡಲಿಲ್ಲ. ಇದೇ ಕೆಲಸ ಮಾಡುವ ಗೆಳೆಯರೆಲ್ಲ "ಕಾನೂನು ಅಂತ ಬರೆದರೆ ಮುಂದಿನ ಪಿಓ ಬರೂದಿಲ್ಲ ನೋಡು" ಎಂದಿದ್ದರು. ಪಿಓ ಅಂದರೆ ಹೊಸ ಕೆಲಸದ ಆರ್ಡರ್. ಅದೂ ಬಂತು, ಅದರ ಮೇಲೆ ಮುಂಗಡವೂ ಬಂತು. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ದುಡ್ಡಿನ ಮಾತು. ಈ ಪಾರ್ಟಿಗೆ ತಿಂಗಳಿಗೆ ಹೆಚ್ಚುಕಡಿಮೆ 80 ಸಾವಿರದ ಕೆಲಸ. ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ, ಅಂದರೆ 14 ಸಾವಿರ ಚಿಲ್ಲರೆ. ಪಾರ್ಟಿ ಕೊಡಲಿ ಬಿಡಲಿ, ಬಿಲ್ ಹಾಕಿದ ಮೇಲೆ ಮುಂದಿನ ತಿಂಗಳು 20ರೊಳಗೆ ಅದನ್ನು ನಾನು ಕಟ್ಟಲೇಬೇಕು. 90 ದಿನ ಅಂದರೆ ಮೂರು ತಿಂಗಳ ಬಿಲ್ ಹೊರಗೆ ನಿಲ್ಲುತ್ತದೆ. ಸುಮಾರು ಎರಡೂವರೆ ಲಕ್ಷ ಅವರ ಹತ್ತಿರ, ಜೊತೆಗೆ ತೆರಿಗೆಗೆ ನಾನು ಕೈಯಿಂದ ಹಾಕಿದ ನಲವತ್ತು ಸಾವಿರದಷ್ಟು. ನನ್ನಂಥ ಒಂಟಿ ಆಸಾಮಿಗೆ ಇದು ಆಗುವ ಮಾತಲ್ಲ.

ಹಿಂದೆ ಬೇರೆ ಪಾರ್ಟಿಗಳ ಜೊತೆ ಬೇರೆ ಬೇರೆ ದಾರಿ ನೋಡಿದ್ದೆ. ತಡವಾದರೆ ತಿಂಗಳಿಗೆ 2 ಪರ್ಸೆಂಟ್ ಬಡ್ಡಿ ಎಂದು ಬಿಲ್ಲಿನ ಕೆಳಗೆ ಅಚ್ಚು ಹಾಕಿಸಿದೆ. ಯಾರೂ ಅದನ್ನು ಓದಲೇ ಇಲ್ಲ. ಬೇಗ ಕೊಟ್ಟರೆ 2 ಪರ್ಸೆಂಟ್ ಬಿಡುತ್ತೇನೆ ಎಂದೆ. ಇದು ಇನ್ನೂ ದುಬಾರಿಯಾಯಿತು: ರಿಯಾಯಿತಿಯನ್ನೂ ಮುರಿದುಕೊಂಡರು, ಹಣವನ್ನೂ ಎರಡು ತಿಂಗಳ ಮೇಲೆ ಕೊಟ್ಟರು. ಅಕೌಂಟ್ಸ್‌ನಲ್ಲಿ ಕೂತವರಿಗೆ ಆ 2 ಪರ್ಸೆಂಟ್ ಉಳಿಸಿದ್ದಕ್ಕೆ ಯಾರೂ ಶಹಬ್ಬಾಸ್ ಅನ್ನುವುದಿಲ್ಲ, ಹಾಗಾಗಿ ಅವರಿಗೆ ಅವಸರವೂ ಇಲ್ಲ. ಮನೆ ಬಾಡಿಗೆ, ಮಕ್ಕಳ ಫೀಸು ಎಂದು ಹೇಳಿಕೊಂಡವರನ್ನೂ ನೋಡಿದ್ದೇನೆ. ಅಯ್ಯೋ ಪಾಪ ಅನ್ನುತ್ತಾರೆ, ಅಷ್ಟೇ.

ಈ ಸಲ ನಾನು ನಿಂತದ್ದು 45 ದಿನದ ಮೇಲೆ. 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ಸಣ್ಣ ಉದ್ಯಮಕ್ಕೆ ಕೊಡಬೇಕಾದ ಹಣವನ್ನು, ಬರಹದಲ್ಲಿ ಒಪ್ಪಂದ ಇಲ್ಲದಿದ್ದರೆ 15 ದಿನದಲ್ಲಿ, ಇದ್ದರೂ 45 ದಿನ ದಾಟದಂತೆ ಕೊಡಬೇಕು. ಇಬ್ಬರೂ ಸಹಿ ಹಾಕಿ 90 ಎಂದು ಬರೆದುಕೊಂಡರೂ ಅದು ನಿಲ್ಲುವುದಿಲ್ಲ. ದಿನ ಎಣಿಸುವುದು ಅಕೌಂಟ್ಸ್‌ನವರು ಬಿಲ್ ಎಂಟ್ರಿ ಮಾಡಿದಾಗಿನಿಂದ ಅಲ್ಲ, ಕೆಲಸ ಕೈಸೇರಿದಾಗಿನಿಂದ. ಅವರು 15 ದಿನದೊಳಗೆ ಬರಹದಲ್ಲಿ ತಕರಾರು ಎತ್ತಿದ್ದರೆ ಮಾತ್ರ, ಅದು ಬಗೆಹರಿದ ದಿನದಿಂದ ಎಣಿಕೆ. ಇದಕ್ಕೆಲ್ಲ ಸಣ್ಣ ಉದ್ಯಮ ಎಂದು ಸರ್ಕಾರದಲ್ಲಿ ಮಾಡಿಸುವ ಉದ್ಯಮ್ ನೋಂದಣಿ ಬೇಕು. ಅದರ ಪೋರ್ಟಲ್‌ನಲ್ಲಿ ಬಿಟ್ಟಿಯಾಗಿ ಆಗುತ್ತದೆ. ಆದರೆ ಕೆಲಸ ಒಪ್ಪಿಕೊಳ್ಳುವ ಮೊದಲೇ ಮಾಡಿಸಿರಬೇಕು. ಆಮೇಲೆ ಮಾಡಿಸಿ ಹಳೆ ಬಿಲ್ಲಿಗೆ ಹಾಕಲು ಹೋದರೆ ಅದೇ ಒಂದು ಜಗಳ.

ನಾನು ಕಳಿಸಿದ್ದು ಇದು, ಹೆಸರುಗಳನ್ನು ಮಾತ್ರ ತೆಗೆದಿದ್ದೇನೆ:

"ನಮಸ್ಕಾರ ಸರ್. ಬಿಲ್ ಗಡುವಿನ ಬಗ್ಗೆ ನಿಮ್ಮ ಮೇಲ್ ನೋಡಿದೆ. 90 ದಿನಕ್ಕೆ ನಾನು ಒಪ್ಪಲು ಆಗುವುದಿಲ್ಲ. 45 ದಿನದವರೆಗೆ ಬರುತ್ತೇನೆ. ನನ್ನದು ಉದ್ಯಮ್ ನೋಂದಣಿ ಇದೆ, ನಂಬರ್ ಬಿಲ್ಲಿನ ಮೇಲೆ ಇದೆ. ಅದಕ್ಕಿಂತ ಜಾಸ್ತಿ ದಿನ ಬರೆದುಕೊಂಡರೆ ನಿಮ್ಮ ಆಡಿಟ್‌ನಲ್ಲೂ ತೊಂದರೆ ಬರುತ್ತದೆ, ಒಮ್ಮೆ ನಿಮ್ಮ ಆಡಿಟರ್ ಅವರನ್ನು ಕೇಳಿ ನೋಡಿ.

ನನ್ನ ಕಡೆಯಿಂದ ಎರಡು ದಾರಿ. ಒಂದು, ದರ ಈಗಿನದೇ ಇರಲಿ. ಪಿಓ ಜೊತೆ 40 ಪರ್ಸೆಂಟ್ ಮುಂಗಡ, ಉಳಿದದ್ದು ಫೈಲ್ ಕೈಸೇರಿದ 45 ದಿನದೊಳಗೆ. ಎರಡು, ಮುಂಗಡ ಬೇಡ. ಪೂರ್ತಿ ಹಣ 45 ದಿನಕ್ಕೆ, ದರ 4 ಪರ್ಸೆಂಟ್ ಜಾಸ್ತಿ. ಯಾವುದಾದರೂ ನನಗೆ ಸರಿ.

ಈಗ ಕೈಯಲ್ಲಿರುವ ರೋಟವೇಟರ್ ಕೈಪಿಡಿಯನ್ನು ಹಳೆಯ 30 ದಿನದ ಲೆಕ್ಕದಲ್ಲೇ ಮುಗಿಸಿಕೊಡುತ್ತೇನೆ. ಅದು ನಿಲ್ಲುವುದಿಲ್ಲ. ಮುಂದಿನ ಪಿಓದಲ್ಲಿ ಇವೆರಡರಲ್ಲಿ ಒಂದನ್ನು ಬರೆದು ಕಳಿಸಿ."

ಇಲ್ಲಿ ಪ್ರತಿ ಸಾಲನ್ನೂ ಯೋಚಿಸಿಯೇ ಇಟ್ಟಿದ್ದೇನೆ. "ಆಗುವುದಿಲ್ಲ" ಎನ್ನುವುದು ಮೇಲೆಯೇ ಇದೆ, ಯಾಕೆಂದರೆ ಅದು ಕೊನೆಗೆ ಬಂದರೆ ಮೇಲಿನದನ್ನೆಲ್ಲ ಒಪ್ಪಿಗೆ ಎಂದೇ ಓದುತ್ತಾರೆ. ಬಡ್ಡಿ, ದೂರು ಎಂಬ ಮಾತನ್ನು ಬೇಕೆಂದೇ ಬಿಟ್ಟೆ. ಕಾಯ್ದೆಯಲ್ಲಿ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಇದೆ, ಸರ್ಕಾರದ ಪೋರ್ಟಲ್‌ನಲ್ಲಿ ದೂರು ಕೊಡಬಹುದು, ಎಲ್ಲ ನಿಜ. ಆದರೆ ಅದು ಸಂಬಂಧ ಮುರಿದ ಮೇಲೆ ತೆಗೆಯುವ ಅಸ್ತ್ರ. ನಡೆಯುತ್ತಿರುವ ಕೆಲಸ ನಿಲ್ಲುವುದಿಲ್ಲ ಎಂದು ಬರೆದದ್ದಕ್ಕೇ ಅವರು ಫೋನ್ ಮಾಡಿದ್ದು ಎಂದು ನನ್ನ ನಂಬಿಕೆ.

ಆಡಿಟರ್ ಸಾಲು ಯಾಕೆ ಕೆಲಸ ಮಾಡುತ್ತದೆ ಎಂದರೆ, 2024ರ ಏಪ್ರಿಲ್‌ನಿಂದ ಜಾರಿಗೆ ಬಂದ ತೆರಿಗೆ ನಿಯಮ. ನಮ್ಮಂಥವರ ಬಿಲ್ಲನ್ನು ಗಡುವಿನೊಳಗೆ ಕೊಡದೆ ಮಾರ್ಚ್ 31 ದಾಟಿಸಿದರೆ, ಆ ವರ್ಷ ಅದನ್ನು ಖರ್ಚು ಎಂದು ತೋರಿಸುವಂತಿಲ್ಲ. ಕೊಟ್ಟ ವರ್ಷದಲ್ಲೇ ತೋರಿಸಬೇಕು. ಹಾಗಾಗಿ ಜನವರಿಯಿಂದ ಮಾರ್ಚ್‌ವರೆಗೆ ಈ ಸಾಲಿಗೆ ಬಲ ಜಾಸ್ತಿ. ಜೂನ್‌ನಲ್ಲಿ ಅಷ್ಟಿಲ್ಲ, ಯಾಕೆಂದರೆ ತಡವಾಗಿಯಾದರೂ ಅದೇ ವರ್ಷ ಕೊಟ್ಟರೆ ಅವರ ಲೆಕ್ಕ ಸರಿಹೋಗುತ್ತದೆ. ನನ್ನ ಮೇಲ್ ಹೋದದ್ದು ಫೆಬ್ರವರಿಯಲ್ಲಿ.

ವಾರದ ಮೇಲೆ ಫೋನ್ ಬಂತು. "ಎಲ್ಲಾರಿಗೂ ಒಂದ ಪಾಲಿಸಿ ರೀ, ನಿಮಗಷ್ಟ ಬ್ಯಾರೆ ಮಾಡೂದು ಹೆಂಗ? 60ಕ್ಕ ಮುಗಸೋಣು" ಎಂದರು. "60ನ್ನೂ ಬರೆಯೂಹಂಗಿಲ್ರೀ ಸರ್. ಮುಂಗಡ ಬೇಕಾದ್ರ 30 ಮಾಡ್ರಿ" ಎಂದೆ. ನಾನು ಬಗ್ಗುವುದು ಮೊತ್ತದಲ್ಲಿ, ದಿನದಲ್ಲಿ ಅಲ್ಲ. 40 ಎಂದು ಬರೆಯುವಾಗಲೇ ಮನಸ್ಸಿನಲ್ಲಿ 30 ಇತ್ತು. ಅಲ್ಲಿಗೆ ಒಪ್ಪಂದವಾಯಿತು. ಮುಂಗಡ ಬಂದ ತಿಂಗಳೇ ಅದರ ಜಿಎಸ್‌ಟಿಯೂ ಕಟ್ಟಬೇಕಾಗುತ್ತದೆ, ಅದನ್ನು ಮರೆಯಬೇಡಿ.

ಅದೇ ಫೋನ್‌ನಲ್ಲಿ ಇನ್ನೊಂದು ವಿಷಯ ಕೇಳಿಕೊಂಡೆ: ಪೇಮೆಂಟ್ ಬಿಡುವುದು ತಿಂಗಳಲ್ಲಿ ಯಾವ ದಿನ? 10 ಮತ್ತು 25ಕ್ಕಂತೆ. ಬಿಲ್ ಅದಕ್ಕೆ ನಾಲ್ಕೈದು ದಿನ ಮೊದಲೇ ಪಾಸ್ ಆಗಿರಬೇಕು. ಒಂದು ದಿನ ತಪ್ಪಿದರೂ ಹದಿನೈದು ದಿನ ಹೋಗುತ್ತದೆ. ಅಂದಿನಿಂದ ಫೈಲ್ ಕಳಿಸುವ ತಾರೀಖನ್ನೇ ಅದಕ್ಕೆ ಹೊಂದಿಸಿದ್ದೇನೆ. ಈಗ ಹಣ ಸುಮಾರು 40 ದಿನದೊಳಗೇ ಬರುತ್ತಿದೆ. ಬಿಲ್ ಯಾರ ಟೇಬಲ್ ಮೇಲೆ ನಿಂತಿದೆ ಎಂದು ಫೋನ್ ಮಾಡದೇ ತಿಳಿಯಲು ನನ್ನದೊಂದು ಉಪಾಯ ಇದೆ, ಅದನ್ನು ಇಲ್ಲಿ ಬಿಚ್ಚುವುದಿಲ್ಲ.

ಇದೇ ಮೇಲನ್ನು ಬೆಂಗಳೂರಿನ ಇನ್ನೊಂದು ಪಾರ್ಟಿಗೂ ಕಳಿಸಿ ನೋಡಿದೆ. ಅವರು ಎರಡನೇ ದಾರಿ ಹಿಡಿದರು, 4 ಪರ್ಸೆಂಟ್ ಜಾಸ್ತಿ ಕೊಡುತ್ತಿದ್ದಾರೆ. ದುಬೈನ ಒಂದು ಪಾರ್ಟಿಗೆ ಮಾತ್ರ ಇದು ನಡೆಯಲಿಲ್ಲ. ಹೊರದೇಶದವರಿಗೆ ಈ ಕಾಯ್ದೆ ಹಿಡಿತ ಇಲ್ಲ. ಅಲ್ಲಿ ಅರ್ಧ ಹಣ ಮೊದಲೇ ಪಡೆದು, ಉಳಿದರ್ಧ ಬಂದ ಮೇಲೆ ಪ್ರಿಂಟ್ ಫೈಲ್ ಕೊಡುತ್ತೇನೆ.