ಗೋಧಿಹುಲ್ಲಿನ ರಸ: ಮನೆಯಲ್ಲಿ ಬೆಳೆಯುವಾಗ ಎಲ್ಲಿ ಎಡವುತ್ತೇವೆ?

ಗೋಧಿಹುಲ್ಲಿನ ರಸವನ್ನು 'ಹಸಿರು ರಕ್ತ' ಎಂದು ಕರೆಯುವವರು ಪತ್ರಹರಿತ್ತು ಮತ್ತು ಹಿಮೋಗ್ಲೋಬಿನ್‌ಗಳ ರಚನೆ ಒಂದನ್ನೊಂದು ಹೋಲುವುದನ್ನು ಮುಂದಿಡುತ್ತಾರೆ. ಹೋಲಿಕೆ ನಿಜ, ಆದರೆ ಒಂದರ ನಡುವೆ ಮೆಗ್ನೀಸಿಯಂ ಇದ್ದರೆ ಇನ್ನೊಂದರ ನಡುವೆ ಕಬ್ಬಿಣವಿದೆ. ಕುಡಿದ ಪತ್ರಹರಿತ್ತನ್ನು ದೇಹ ರಕ್ತವಾಗಿ ಮಾರ್ಪಡಿಸುವುದಿಲ್ಲ. ದೊಡ್ಡ ಕರುಳಿನ ಹುಣ್ಣಿನ ರೋಗಿಗಳ ಮೇಲೆ 2002ರಲ್ಲಿ ಪ್ರಕಟವಾದ ಒಂದು ಸಣ್ಣ ಪ್ರಯೋಗದಲ್ಲಿ ಉಪಶಮನ ಕಂಡುಬಂದಿತ್ತು. ಭಾಗವಹಿಸಿದವರು ಕೇವಲ 23 ಮಂದಿ. ಅಷ್ಟರಿಂದ ಕ್ಯಾನ್ಸರ್ ಅಥವಾ ಮಧುಮೇಹ ಗುಣವಾಗುತ್ತದೆ ಎನ್ನುವುದು ದುಡುಕು.

ಇನ್ನು ಬೆಳೆಯುವ ವಿಚಾರ. ಮೊದಲು, ಬಿತ್ತನೆಗೆಂದು ಶಿಲೀಂಧ್ರನಾಶಕ ಲೇಪಿಸಿದ ಬೀಜವನ್ನು ಬಿಟ್ಟು, ಆಹಾರಕ್ಕೆ ಬಳಸುವ ಗೋಧಿಯನ್ನೇ ಆರಿಸಿ ತೊಳೆದು, 8ರಿಂದ 12 ಗಂಟೆ ನೆನೆಸಿ ನೀರು ಬಸಿಯಿರಿ. ಬ್ಯಾಕ್ಟೀರಿಯಾ ಬೇರೂರುವುದು ಈ ಹಂತದಲ್ಲೇ. ಸಾಲ್ಮೊನೆಲ್ಲಾ, ಇ. ಕೊಲೈನಂಥವು ಬೀಜದ ಸಿಪ್ಪೆಯ ಬಿರುಕುಗಳಲ್ಲಿ ಕುಳಿತಿದ್ದರೆ ತೊಳೆದರೂ ಪೂರ್ತಿ ಹೋಗವು, ಬೆಚ್ಚಗಿನ ತೇವದಲ್ಲಿ ಬೇಗನೆ ಹೆಚ್ಚುತ್ತವೆ. 2011ರಲ್ಲಿ ಜರ್ಮನಿಯಲ್ಲಿ 50ಕ್ಕೂ ಹೆಚ್ಚು ಜನರನ್ನು ಬಲಿ ಪಡೆದ ಸೋಂಕಿನ ಮೂಲವೂ ಮೊಳಕೆ ಬರಿಸಿದ ಮೆಂತ್ಯ ಬೀಜವೇ ಆಗಿತ್ತು.

ನೆನೆದ ಬೀಜವನ್ನು ತಳದಲ್ಲಿ ರಂಧ್ರಗಳಿರುವ ತಟ್ಟೆಯಲ್ಲಿ ಒಂದೇ ಪದರವಾಗಿ ಹರಡಿ, ನೀರು ನಿಲ್ಲದಂತೆ ಸಿಂಪಡಿಸಿ, ಗಾಳಿಯಾಡುವಲ್ಲಿ ಇಡಿ. ಮೂರನೆಯ ದಿನದ ಹೊತ್ತಿಗೆ ಬೇರುಗಳ ಸುತ್ತ ಬಿಳಿ ನವಿರು ಕಂಡಾಗ ಗಾಬರಿಯಾಗುವುದು ಸಹಜ. ಅದರ ಮೇಲೆ ನೀರು ಚಿಮುಕಿಸಿ: ನವಿರು ಬೇರಿಗೆ ಅಂಟಿಕೊಂಡು ಮರೆಯಾದರೆ ಅದು ಬೇರುಗೂದಲು, ಬೀಜದಿಂದ ಬೀಜಕ್ಕೆ ಜೇಡರ ಬಲೆಯಂತೆ ಹಬ್ಬಿ ಉಳಿದು, ಮುಗ್ಗಲು ವಾಸನೆ ಬಂದರೆ ಅದು ಬೂಷ್ಟು. ಬೂಷ್ಟು ಹಿಡಿದ ಕಡೆ ಮಾತ್ರ ತೆಗೆದು ಉಳಿದುದನ್ನು ಬಳಸುವವರಿದ್ದಾರೆ. ನನ್ನ ಮಟ್ಟಿಗೆ ಇಡೀ ತಟ್ಟೆಯನ್ನೇ ಎಸೆಯುವುದು ಸರಿ. ಆದರೆ ಬೂಷ್ಟಿಲ್ಲದ ತಟ್ಟೆ ಸುರಕ್ಷಿತವೆಂದೇನೂ ಅಲ್ಲ, ಬ್ಯಾಕ್ಟೀರಿಯಾಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಬರಬೇಕೆಂದಿಲ್ಲ.

ಏಳರಿಂದ ಹತ್ತನೆಯ ದಿನಕ್ಕೆ ಹುಲ್ಲು ಸುಮಾರು 15 ಸೆಂ.ಮೀ. ಬೆಳೆದಾಗ, ಬೀಜಕ್ಕಿಂತ ಒಂದೆರಡು ಸೆಂ.ಮೀ. ಮೇಲೆ, ಶುಚಿಯಾದ ಕತ್ತರಿಯಿಂದ ಕತ್ತರಿಸಿ. ಅದನ್ನು ತೊಳೆದು, ರಸ ತೆಗೆದು ಕೂಡಲೇ ಕುಡಿಯಿರಿ. ಈ ರಸ ಎಲ್ಲಿಯೂ ಕುದಿಯುವುದಿಲ್ಲವಾದ್ದರಿಂದ ಮೊದಲಿದ್ದ ಸೂಕ್ಷ್ಮಾಣುಗಳು ಲೋಟದವರೆಗೂ ಬರುತ್ತವೆ, ಫ್ರಿಜ್ ಅವುಗಳನ್ನು ಕೊಲ್ಲುವುದಿಲ್ಲ, ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾ ಆ ತಂಪಿನಲ್ಲೂ ಬೆಳೆಯುತ್ತದೆ.

ಹಾಗಾಗಿ ಗರ್ಭಿಣಿಯರು, ಐದು ವರ್ಷದೊಳಗಿನ ಮಕ್ಕಳು, ವೃದ್ಧರು, ಕೀಮೋಥೆರಪಿ ಪಡೆಯುತ್ತಿರುವವರು ಮತ್ತು ಅಂಗಾಂಗ ಕಸಿ ಮಾಡಿಸಿಕೊಂಡವರು ಇದನ್ನು ಹಸಿಯಾಗಿ ಕುಡಿಯಬಾರದು. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಸೇವಿಸುವವರ ಕಾರಣ ಬೇರೆ: ಹಸಿರು ಎಲೆಗಳಲ್ಲಿರುವ ವಿಟಮಿನ್ ಕೆ ಆ ಔಷಧಿಯ ಪರಿಣಾಮವನ್ನು ಕುಗ್ಗಿಸಬಹುದು, ಅವರು ವೈದ್ಯರನ್ನು ಕೇಳದೆ ಕುಡಿಯಬಾರದು. ಸೀಲಿಯಾಕ್ ಕಾಯಿಲೆಯವರಿಗೆ ತೊಂದರೆ ಕೊಡುವ ಗ್ಲುಟೆನ್ ಎಂಬ ಪ್ರೋಟೀನ್ ಇರುವುದು ಎಲೆಯಲ್ಲಲ್ಲ, ಬೀಜದಲ್ಲಿ. ಆದರೂ ಮನೆಯ ತಟ್ಟೆಯಲ್ಲಿ ಕತ್ತರಿಸುವಾಗ ಬೀಜದ ಚೂರು ಸೇರುವುದು ಸುಲಭ. ಗೋಧಿ ಅಲರ್ಜಿ ಇರುವವರೂ ದೂರವಿರುವುದು ಒಳಿತು.