ಉಪ್ಪಿನಕಾಯಿಗೆ ಲೈಸೆನ್ಸ್ ಅಂತ ಹೊರಟು ನೋಂದಣಿ ಮಾಡಿಸಿದ್ದು: ನನ್ನ ಅನುಭವ

ಮನೆಯಲ್ಲೇ ಆಹಾರ ಮಾಡಿ ಮಾರುವವರಿಗೆ ಉಡುಪಿಯಲ್ಲಿ ಒಂದು ದಿನದ ತರಬೇತಿ ಇತ್ತು, 2023ರಲ್ಲಿ. ಕೊನೆಗೆ ಒಂದು ಕ್ವಿಝ್ ಕೊಟ್ಟರು. ಮೊದಲ ಪ್ರಶ್ನೆಯೇ ಹೀಗಿತ್ತು: ವರ್ಷಕ್ಕೆ 4 ಲಕ್ಷ ರೂಪಾಯಿ ವಹಿವಾಟು ಇರುವ ಉಪ್ಪಿನಕಾಯಿ ತಯಾರಕರಿಗೆ ಬೇಕಾದದ್ದು ಯಾವುದು, ರಾಜ್ಯ ಲೈಸೆನ್ಸೋ, ಕೇಂದ್ರ ಲೈಸೆನ್ಸೋ, ನೋಂದಣಿಯೋ? ನಾನು ಕಣ್ಣು ಮುಚ್ಚಿ ರಾಜ್ಯ ಲೈಸೆನ್ಸ್ ಅಂತ ಗುರುತು ಹಾಕಿದೆ. ತಪ್ಪು. ನಮ್ಮ ಕಡೆ ಎಲ್ಲರೂ 'ಫುಡ್ ಲೈಸೆನ್ಸ್ ಮಾಡಿಸಿದ್ಯಾ' ಅಂತಲೇ ಕೇಳುವುದಲ್ವಾ, ಹಾಗಾಗಿ ನೋಂದಣಿ ಅನ್ನುವುದೇ ಬೇರೆ ಅಂತ ಗೊತ್ತೇ ಇರಲಿಲ್ಲ.

ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ ಬಂದದ್ದು 2006ರಲ್ಲಿ. ಅದರ 31ನೇ ಸೆಕ್ಷನ್ ಎರಡು ಮಾತು ಹೇಳುತ್ತದೆ. ಲೈಸೆನ್ಸ್ ಇಲ್ಲದೆ ಯಾರೂ ಆಹಾರದ ವ್ಯಾಪಾರ ಮಾಡಬಾರದು ಅನ್ನುವುದು ಒಂದು. ಸಣ್ಣ ತಯಾರಕರು, ಸಣ್ಣ ಅಂಗಡಿಯವರು, ತಳ್ಳುಗಾಡಿಯವರಿಗೆ ಲೈಸೆನ್ಸ್ ಬೇಡ, ಆದರೆ ನೋಂದಣಿ ಮಾಡಿಸಲೇಬೇಕು ಅನ್ನುವುದು ಇನ್ನೊಂದು. 'ಬೇಡ' ಅಂದದ್ದು ಲೈಸೆನ್ಸ್ ಮಾತ್ರ. ಕ್ವಿಝ್ ಮಾಡುವವರಿಗೆ ಈ ಜಾಗ ಬಹಳ ಇಷ್ಟ. 'ಸಣ್ಣ ತಯಾರಕರಿಗೆ ಯಾವ ದಾಖಲೆಯೂ ಬೇಕಿಲ್ಲ, ಸರಿಯೋ ತಪ್ಪೋ' ಅಂತ ಕೇಳುತ್ತಾರೆ. ತಪ್ಪು ಅಂತಲೇ ಬರೆಯಬೇಕು.

ಹಾಗಾದರೆ ಸಣ್ಣವರು ಅಂದರೆ ಎಷ್ಟು ಸಣ್ಣವರು? ನಾನು ಮಾಡಿಸುವಾಗ ಗೆರೆ ಇದ್ದದ್ದು ವರ್ಷಕ್ಕೆ 12 ಲಕ್ಷ ರೂಪಾಯಿ ವಹಿವಾಟಿಗೆ. ಅದರ ಜೊತೆ ನಿಯಮದಲ್ಲಿ ದಿನದ ತಯಾರಿಕೆಯ ಲೆಕ್ಕವೂ ಇತ್ತು, ಹಾಲು ಮಾಂಸ ಬಿಟ್ಟು ಬೇರೆ ಆಹಾರವಾದರೆ ದಿನಕ್ಕೆ 100 ಕಿಲೋ ಅಥವಾ 100 ಲೀಟರ್ ಮೀರಬಾರದು. ಇಲ್ಲಿ ವಹಿವಾಟು ಅಂದರೆ ಲಾಭ ಅಲ್ಲ, ಮಾರಿದ ಒಟ್ಟು ಹಣ. ನನ್ನ ಲೆಕ್ಕ ಹೇಳುತ್ತೇನೆ. ವರ್ಷಕ್ಕೆ ಸುಮಾರು 1,500 ಬಾಟಲಿ ಮಿಡಿ ಉಪ್ಪಿನಕಾಯಿ, ಒಂದಕ್ಕೆ 200 ರೂಪಾಯಿ, ಅಲ್ಲಿಗೆ 3 ಲಕ್ಷ. ಹಲಸಿನ ಹಪ್ಪಳ 1,000 ಕಟ್ಟು, 120 ರೂಪಾಯಿಯಂತೆ 1 ಲಕ್ಷ 20 ಸಾವಿರ. ಒಟ್ಟು 4 ಲಕ್ಷ 20 ಸಾವಿರ. ಮೆಣಸು, ಸಾಸಿವೆ, ಬಾಟಲಿ, ಗ್ಯಾಸ್ ಎಲ್ಲ ಕಳೆದು ಕೈಗೆ ಉಳಿಯುವುದು ಇದರ ಮೂರನೇ ಒಂದು ಪಾಲೂ ಇಲ್ಲ. ಆದರೆ ಅರ್ಜಿಯಲ್ಲಿ ಹಾಕಬೇಕಾದದ್ದು 4 ಲಕ್ಷ 20 ಸಾವಿರವೇ. ಲಾಭವನ್ನು ಹಾಕಿದರೂ ನನ್ನ ವಿಷಯದಲ್ಲಿ ವ್ಯತ್ಯಾಸ ಆಗುತ್ತಿರಲಿಲ್ಲ ನಿಜ, ಆದರೆ 13 ಲಕ್ಷ ಮಾರಿ 3 ಲಕ್ಷ ಉಳಿಸುವವರು ಹಾಗೆ ಬರೆದರೆ ಅವರ ದಾಖಲೆಯೇ ತಪ್ಪು ಜಾಗದಲ್ಲಿ ನಿಲ್ಲುತ್ತದೆ.

ಮರುದಿನವೇ ಅರ್ಜಿ ಹಾಕಲು ಕೂತೆ. ಮೊದಲ ಎಡವಟ್ಟು ಆದದ್ದು ಫೋನಿನಲ್ಲಿ ಹುಡುಕುವಾಗ. ಮೇಲೆ ಮೇಲೆ ಬಂದ ಪುಟಗಳು ಸರ್ಕಾರದ್ದೇ ಅನ್ನುವ ಹಾಗೆ ಇದ್ದವು, ಅಶೋಕ ಸ್ತಂಭದ ಹಾಗೆ ಕಾಣುವ ಚಿತ್ರ, ನೀಲಿ ಹಸಿರು ಬಣ್ಣ, ಎಲ್ಲ. ಹೆಸರು, ನಂಬರ್ ತುಂಬಿದ ಅರ್ಧ ಗಂಟೆಯಲ್ಲಿ ಫೋನ್ ಬಂತು, 2,800 ರೂಪಾಯಿ ಕಟ್ಟಿ ಮೇಡಂ ಅಂತ. ಆಗ ತರಬೇತಿಯಲ್ಲಿ ಬರೆದುಕೊಂಡ ಚೀಟಿ ತೆಗೆದು ನೋಡಿದೆ. ನೋಂದಣಿಯ ಶುಲ್ಕ ವರ್ಷಕ್ಕೆ 100 ರೂಪಾಯಿ. ಸರ್ಕಾರದ ಪುಟ foscos.fssai.gov.in, ಕೊನೆಯಲ್ಲಿ gov.in ಇರಲೇಬೇಕು. ಏಜೆಂಟರ ಕೈಲಿ ಮಾಡಿಸುವುದು ತಪ್ಪೇನಲ್ಲ, ಆದರೆ ಶುಲ್ಕ ಯಾವುದು ಅವರ ಕೂಲಿ ಯಾವುದು ಅಂತ ಗೊತ್ತಿದ್ದು ಕೊಡಬೇಕು ಮಾರಾಯ್ರೆ.

ಅಸಲಿ ಪುಟದಲ್ಲಿ ಮೊದಲು ರಾಜ್ಯ ಆರಿಸಬೇಕು, ಆಮೇಲೆ ವ್ಯಾಪಾರದ ಬಗೆ. ನಾನು ನಿಜವಾಗಿ ಜಾರಿದ್ದು ಇಲ್ಲಿ. ಪಟ್ಟಿಯಲ್ಲಿ 'ಹೋಂ ಬೇಸ್ಡ್ ಕ್ಯಾಂಟೀನ್, ಡಬ್ಬಾವಾಲಾ' ಅಂತ ಒಂದು ಇತ್ತು. ಹೋಂ ಅಂತ ಇದೆ, ನಾನೂ ಮನೆಯಲ್ಲೇ ಮಾಡುವುದು, ಇದೇ ನನ್ನದು ಅಂತ ಒತ್ತಿದೆ. ವಹಿವಾಟು ತುಂಬಿದೆ, ಫಾರ್ಮ್ ಎ ಬಂತು. ಲೈಸೆನ್ಸ್‌ಗಾದರೆ ಫಾರ್ಮ್ ಬಿ, ಇದನ್ನೂ ಕ್ವಿಝ್‌ನಲ್ಲಿ ಕೇಳುತ್ತಾರೆ. ನನ್ನ ಫೋಟೋ, ಆಧಾರ್, ಮನೆಯ ಕರೆಂಟ್ ಬಿಲ್ ಹಾಕಿದೆ. ಬಿಲ್ ಮಾವನ ಹೆಸರಲ್ಲಿದ್ದ ಕಾರಣ, ಈ ಮನೆಯ ಅಡುಗೆಕೋಣೆಯಲ್ಲಿ ಸೊಸೆ ಆಹಾರ ತಯಾರಿಸಲು ನನ್ನ ಒಪ್ಪಿಗೆ ಇದೆ ಅಂತ ಅವರ ಕೈಯಿಂದ ಒಂದು ಪತ್ರ ಬರೆಸಿ ಅದನ್ನೂ ಹಾಕಿದೆ. "ನನ್ನ ಮನೆಯಲ್ಲಿ ಉಪ್ಪಿನಕಾಯಿ ಹಾಕಲಿಕ್ಕೆ ನಾನೇ ಸಹಿ ಹಾಕಬೇಕಾ?" ಅಂತ ಮಾವ ನಕ್ಕರು. ಮೂರು ವರ್ಷಕ್ಕೆ 300 ರೂಪಾಯಿ ಕಟ್ಟಿದೆ. ಒಂದರಿಂದ ಐದು ವರ್ಷದವರೆಗೆ ಎಷ್ಟಕ್ಕೆ ಬೇಕಾದರೂ ಕಟ್ಟಬಹುದಿತ್ತು.

ಐದನೇ ದಿನ ಅರ್ಜಿ ತಿರುಗಿ ಬಂತು. ಕೆಳಗೆ ಒಂದೇ ಸಾಲಿನ ಷರಾ: ಉತ್ಪನ್ನ ಮತ್ತು ವ್ಯಾಪಾರದ ಬಗೆ ಹೊಂದುತ್ತಿಲ್ಲ. ಎಂತ ಅಂತ ಅರ್ಥವಾಗದೆ ತರಬೇತಿ ಕೊಟ್ಟ ಮೇಡಂಗೆ ಫೋನ್ ಮಾಡಿದೆ.

"ನೀವು ಊಟ ಬಡಿಸ್ತೀರಾ, ಬಾಟಲಿಗೆ ತುಂಬಿ ಮಾರ್ತೀರಾ?" ಅಂತ ಕೇಳಿದರು.

"ಬಾಟಲಿ, ಮೇಡಂ."

"ಹಾಗಾದ್ರೆ ನೀವು ತಯಾರಕರು. ಕ್ಯಾಂಟೀನ್ ಅಲ್ಲ."

ಅಷ್ಟೇ ವಿಷಯ. ಎಲ್ಲಿ ಮಾಡುತ್ತೀರಿ ಅನ್ನುವುದರ ಮೇಲೆ ಬಗೆ ನಿರ್ಧಾರ ಆಗುವುದಿಲ್ಲ, ಏನು ಮಾಡಿ ಹೇಗೆ ಕೊಡುತ್ತೀರಿ ಅನ್ನುವುದರ ಮೇಲೆ ಆಗುತ್ತದೆ. ಆ ದಿನವೇ ಮಾಡಿ ಆ ದಿನವೇ ಊಟವಾಗಿ ಕೊಟ್ಟರೆ ಅದು ಆಹಾರ ಸೇವೆ. ತಿಂಗಳುಗಟ್ಟಲೆ ಇಡುವ ಹಾಗೆ ಮಾಡಿ, ಪ್ಯಾಕ್ ಮಾಡಿ, ಲೇಬಲ್ ಹಚ್ಚಿ ಮಾರಿದರೆ ಅದು ತಯಾರಿಕೆ. ಬೇರೆಯವರ ಹಪ್ಪಳ ತಂದು ಮಾರಿದರೆ ಚಿಲ್ಲರೆ ಮಾರಾಟ. ನಾನು ತಯಾರಿಕೆಗೆ ಬದಲಿಸಿ, ಉಪ್ಪಿನಕಾಯಿ ಮತ್ತು ಹಪ್ಪಳ ಎರಡನ್ನೂ ಬೇರೆ ಬೇರೆಯಾಗಿ ಸೇರಿಸಿ ಮತ್ತೆ ಕಳಿಸಿದೆ. ಹಪ್ಪಳವನ್ನು ಬಿಟ್ಟಿದ್ದರೆ ಆಮೇಲೆ ಸೇರಿಸಲು ಇನ್ನೊಂದು ಅರ್ಜಿ ಹಾಕಬೇಕಾಗುತ್ತಿತ್ತು.

ಕಾಯುವಾಗ ತಿಳಿದಿರಬೇಕಾದ ದಿನಗಳು ಎರಡು. ಅರ್ಜಿ ಸಿಕ್ಕ 7 ದಿನದೊಳಗೆ ಅಧಿಕಾರಿ ನೋಂದಣಿ ಕೊಡಬೇಕು, ಇಲ್ಲವಾದರೆ ಕಾರಣ ಬರೆದು ತಿರಸ್ಕರಿಸಬೇಕು, ಅದೂ ಅಲ್ಲದಿದ್ದರೆ ಸ್ಥಳ ನೋಡಲು ಬರುತ್ತೇವೆ ಅಂತ ತಿಳಿಸಬೇಕು. ನೋಡಲು ಬರುವುದಾದರೆ 30 ದಿನದೊಳಗೆ ತೀರ್ಮಾನ ಆಗಬೇಕು. 7 ದಿನದಲ್ಲಿ ಯಾವ ಸುದ್ದಿಯೂ ಇಲ್ಲ, ಅಥವಾ 30 ದಿನದಲ್ಲಿ ತೀರ್ಮಾನ ಇಲ್ಲ ಅಂದರೆ ವ್ಯಾಪಾರ ಶುರು ಮಾಡಬಹುದು ಅಂತ ನಿಯಮವೇ ಹೇಳುತ್ತದೆ. ಲೈಸೆನ್ಸ್‌ಗೆ ಈ ಗಡುವು 60 ದಿನ. ಕ್ವಿಝ್‌ನಲ್ಲಿ 7, 30, 60 ಮೂರನ್ನೂ ಆಯ್ಕೆಯಾಗಿ ಕೊಟ್ಟು ಗೊಂದಲ ಮಾಡುತ್ತಾರೆ.

ನಮ್ಮ ಮನೆಗೆ ನೋಡಲು ಯಾರೂ ಬರಲಿಲ್ಲ. ಆದರೂ ತಯಾರಿ ಮಾಡಿಕೊಂಡಿದ್ದೆ, ಯಾಕೆಂದರೆ ಅರ್ಜಿಯ ಜೊತೆ ನಾವು ಒಪ್ಪಿಕೊಳ್ಳುವ ಸ್ವಚ್ಛತೆಯ ನಿಯಮಗಳು ಲೈಸೆನ್ಸ್ ಮತ್ತು ನೋಂದಣಿ ನಿಯಮಾವಳಿಯ ನಾಲ್ಕನೇ ಷೆಡ್ಯೂಲಿನ ಮೊದಲ ಭಾಗದಲ್ಲಿವೆ, ನೋಂದಣಿ ಆದ ಮೇಲೂ ವರ್ಷಕ್ಕೆ ಒಮ್ಮೆ ತಪಾಸಣೆ ಮಾಡಬೇಕು ಅಂತ ಆಗ ಇತ್ತು. ಅದರಲ್ಲಿ ನನಗೆ ಕಷ್ಟವಾದದ್ದು ನೀರು. ನಮ್ಮದು ಬಾವಿ ನೀರು, ಮಳೆಗಾಲ ಶುರುವಾದರೆ ಕೆಂಪಗಾಗುತ್ತದೆ. ಅರ್ಜಿಯಲ್ಲಿ ಯಾರೂ ಕೇಳದಿದ್ದರೂ ಜುಲೈಯಲ್ಲೇ ನೀರಿನ ಪರೀಕ್ಷೆ ಮಾಡಿಸಿದೆ. ಬೇಸಿಗೆಯ ತಿಳಿ ನೀರು ಕೊಟ್ಟು ಒಳ್ಳೆ ವರದಿ ತರುವುದು ಸುಲಭ, ಅದರಿಂದ ಏನೂ ಗೊತ್ತಾಗುವುದಿಲ್ಲ. ವರದಿಯಲ್ಲಿ ಕೋಲಿಫಾರ್ಮ್ ಇದೆ ಅಂತ ಬಂತು, ಅಂದರೆ ನೀರಿಗೆ ಕೊಳಕು ಸೇರಿರಬಹುದು ಅಂತ ಸೂಚಿಸುವ ಬ್ಯಾಕ್ಟೀರಿಯಾ. ಬಾವಿಗೆ ಕ್ಲೋರಿನ್ ಹಾಕಿಸಿದೆವು, ಉಪ್ಪುನೀರು ಮಾಡುವ ನೀರನ್ನು ಕುದಿಸಿ ಆರಿಸುವುದು ಅತ್ತೆಗೆ ಮೊದಲಿಂದಲೂ ಅಭ್ಯಾಸ, ಅದು ಮುಂದುವರಿಯಿತು. ಭರಣಿ ತೊಳೆದ ಮೇಲೆ ಬಾವಿ ನೀರಲ್ಲಿ ಜಾಲಾಡುತ್ತಿದ್ದೆವು ನೋಡಿ, ಅದನ್ನು ಮಾತ್ರ ನಿಲ್ಲಿಸಿದೆವು.

ಮತ್ತೆ ಕಳಿಸಿದ ಆರನೇ ದಿನ ಪ್ರಮಾಣಪತ್ರ ಬಂತು. ಅಷ್ಟರಲ್ಲಿ ನಾನು ಇನ್ನೊಂದು ಬುದ್ಧಿವಂತಿಕೆ ಮಾಡಿಟ್ಟಿದ್ದೆ. ಮಿಡಿ ಸೀಸನ್ನಿನ ಬಾಟಲಿಗಳು ಕಾಯುತ್ತಿದ್ದವು, ಅವಸರದಲ್ಲಿ ಲೇಬಲ್ 500 ಪ್ರಿಂಟ್ ಮಾಡಿಸಿದ್ದೆ. ಅದರಲ್ಲಿ ಹಾಕಿದ್ದು ಅರ್ಜಿಯ ನಂಬರ್! ಅರ್ಜಿಯ ನಂಬರ್ 17 ಅಂಕೆ, ನೋಂದಣಿಯ ನಂಬರ್ 14 ಅಂಕೆ. ಪ್ರಿಂಟಿಂಗ್ ಪ್ರೆಸ್ಸಿನವರಿಗೆ ಅದು ಗೊತ್ತಿರಬೇಕಾಗಿಲ್ಲ, ತಪ್ಪು ನನ್ನದೇ. 14 ಅಂಕೆಗಳಲ್ಲಿ ಮೊದಲನೆಯದು 1 ಇದ್ದರೆ ಲೈಸೆನ್ಸ್, 2 ಇದ್ದರೆ ನೋಂದಣಿ. ಅದರ ಮುಂದಿನ ಎರಡು ರಾಜ್ಯದ ಸಂಕೇತ, ನಮ್ಮದು 12. ಹಾಗಾಗಿ ನನ್ನ ನಂಬರ್ 212 ಅಂತ ಶುರುವಾಗುತ್ತದೆ. ಅಂಗಡಿಯಲ್ಲಿ ಯಾವುದೇ ಪೊಟ್ಟಣ ತಿರುಗಿಸಿ ನೋಡಿ, ದೊಡ್ಡ ಕಂಪನಿಯದಾದರೆ 1ರಿಂದ ಶುರುವಾಗುತ್ತದೆ, ಸಣ್ಣವರದಾದರೆ 2ರಿಂದ.

ಲೇಬಲ್ ಮತ್ತೆ ಮಾಡಿಸಿದಾಗ ಪದಾರ್ಥಗಳ ಸಾಲನ್ನೂ ತಿದ್ದಿದೆ. ತೂಕದಲ್ಲಿ ಜಾಸ್ತಿ ಇರುವುದು ಮೊದಲು ಬರಬೇಕು. ನಾನು ಚಂದಕ್ಕೆ ಮಿಡಿ, ಮೆಣಸು, ಸಾಸಿವೆ, ಉಪ್ಪು ಅಂತ ಬರೆದಿದ್ದೆ, ಆದರೆ ನಮ್ಮ ಮಿಡಿ ಉಪ್ಪಿನಕಾಯಿಯಲ್ಲಿ ಮಿಡಿ ಬಿಟ್ಟರೆ ಜಾಸ್ತಿ ಇರುವುದು ಉಪ್ಪೇ. ಹಸಿರು ಚುಕ್ಕೆಯ ಸಸ್ಯಾಹಾರಿ ಗುರುತು, ನಿವ್ವಳ ತೂಕ, ಬ್ಯಾಚ್, ತಯಾರಿಸಿದ ದಿನ, ಎಷ್ಟು ದಿನದೊಳಗೆ ಬಳಸಬೇಕು, ಪೂರ್ತಿ ವಿಳಾಸ, ಬೆಲೆ, ಇವೂ ಬೇಕು. ಅಂಗಡಿಗೆ ಕೊಡುವ ಬಿಲ್ಲಿನಲ್ಲೂ ಆ 14 ಅಂಕೆ ಇರಬೇಕು, 2022ರ ಜನವರಿಯಿಂದ ಅದು ಕಡ್ಡಾಯ.

ನೋಂದಣಿ ಆಯಿತು ಅಂದ ಕೂಡಲೇ ಎಲ್ಲ ಆಯಿತು ಅಂತಲ್ಲ. ಸ್ಥಳೀಯ ಸಂಸ್ಥೆಯ ಉದ್ದಿಮೆ ಪರವಾನಗಿ ಬೇರೆಯೇ ಕಾಗದ, ನಗರಸಭೆ ಅಥವಾ ಪಂಚಾಯತಿನಲ್ಲಿ ವಿಚಾರಿಸಬೇಕು. ಒಂದು ಇನ್ನೊಂದರ ಬದಲಿಗೆ ನಡೆಯುವುದಿಲ್ಲ. ವಾರ್ಷಿಕ ರಿಟರ್ನ್ ಅಂತ ಮೇ 31ರೊಳಗೆ ಕೊಡುವುದು ಲೈಸೆನ್ಸ್ ಇರುವ ತಯಾರಕರ ತಲೆನೋವು, ನೋಂದಣಿಯವರಿಗೆ ಇಲ್ಲ.

ಇದೆಲ್ಲ ನೋಡಿದ ಪಕ್ಕದ ಮನೆಯ ಅಕ್ಕ ತಾನೂ ಮಾಡಿಸಬೇಕು ಅಂತ ಬಂದರು. ಮಣಿಪಾಲದ ಹಾಸ್ಟೆಲ್ ಬೇಡ ಅಂದ ಹತ್ತು ಹನ್ನೆರಡು ಮಕ್ಕಳಿಗೆ ಮಧ್ಯಾಹ್ನದ ಬುತ್ತಿ ಕಳಿಸುತ್ತಾರೆ, ಕುಚ್ಚಲಕ್ಕಿ ಅನ್ನ, ಸಾರು, ಪಲ್ಯ. ಅವರದೂ ಮನೆ ಅಡುಗೆಯೇ, ಆದರೆ ನಾನು ತಪ್ಪಾಗಿ ಒತ್ತಿದ್ದ ಅದೇ 'ಹೋಂ ಬೇಸ್ಡ್ ಕ್ಯಾಂಟೀನ್' ಅವರಿಗೆ ಸರಿಯಾಗಿ ಕೂತಿತು. ಒಂದು ವರ್ಷ ನೋಡುವ ಅಂತ 100 ರೂಪಾಯಿ ಕಟ್ಟಿದರು. ಅರ್ಜಿ ಒಮ್ಮೆಯೂ ತಿರುಗಿ ಬರಲಿಲ್ಲ.