ಮೂರು ವರ್ಷದ ಬಾಂಡು, 2.78 ವರ್ಷದ ಲೆಕ್ಕ

ಇಷ್ಟು ಚಿಕ್ಕ ಬಾಂಡಿಗೆ, ಹಣ ಸರಾಸರಿ ಎಷ್ಟು ವರ್ಷಕ್ಕೆ ಕೈಸೇರುತ್ತದೆ ಎಂದು ತೂಗಿ ಹೇಳುವ ಮೆಕಾಲೆ ಡ್ಯುರೇಷನ್ ಏಕೆ ಎಂದು ಜೊತೆಯವರು ನಕ್ಕಿದ್ದರು. ಉಳಿದಿರುವುದು ಮೂರು ವರ್ಷ, ಮಾರುಕಟ್ಟೆ ಕೇಳುವ ಆದಾಯದ ದರವಾದ ಇಳುವರಿ ಒಂದು ಪಾಯಿಂಟ್ ಏರಿದರೆ ಬೆಲೆ ಶೇ 3ರಷ್ಟು ಇಳಿಯುತ್ತದೆ, ಅಷ್ಟೇ ಎಂಬುದು ಅವರ ವಾದ. ನನ್ನ ಬಳಿ ಇದ್ದದ್ದು ಸುಮಾರು ಎರಡು ಲಕ್ಷ ಮುಖಬೆಲೆಯ ಬಾಂಡು: ವರ್ಷಕ್ಕೊಮ್ಮೆ ಶೇ 8ರ ಬಡ್ಡಿ ಅಂದರೆ ಕೂಪನ್, ಇಳುವರಿ ಶೇ 10.

ನೂರರ ಮುಖಬೆಲೆಗೆ ಲೆಕ್ಕ ಹಾಕಿದೆ. ಮೂರು ಕಂತುಗಳ ಇಂದಿನ ಮೌಲ್ಯ 7.27, 6.61 ಮತ್ತು 81.14, ಒಟ್ಟು ಬೆಲೆ 95.03. ಪ್ರತಿ ಮೌಲ್ಯವನ್ನೂ ಅದರ ವರ್ಷದಿಂದ ಗುಣಿಸಿ ಕೂಡಿದರೆ 263.92. ಅದನ್ನು ಬೆಲೆಯಿಂದ ಭಾಗಿಸಿದಾಗ 2.78 ವರ್ಷ ಬಂತು. ಅಸಲು ಕೊನೆಯಲ್ಲಿ ಬಂದರೂ ಎರಡು ಕೂಪನ್‌ಗಳು ಮೊದಲೇ ಕೈಸೇರುವುದರಿಂದ ಮೂರಕ್ಕಿಂತ ಕಡಿಮೆ.

ಹಲವರು ಇಲ್ಲಿಗೇ ನಿಲ್ಲಿಸಿ, ಬೆಲೆ ಶೇ 2.78 ಇಳಿಯುತ್ತದೆ ಎಂದು ಹೇಳಿಬಿಡುತ್ತಾರೆ. ಅದೂ ಕೈಕೊಡುತ್ತದೆ. ವರ್ಷಗಳಲ್ಲಿರುವ ಈ ಅಂಕಿಯನ್ನು, ಒಂದಕ್ಕೆ ಶೇ 10ರ ಇಳುವರಿ ಕೂಡಿ ಬಂದ 1.10ರಿಂದ ಭಾಗಿಸಿದ ಮೇಲೆಯೇ ಅದು ಬೆಲೆಯ ಸೂಕ್ಷ್ಮತೆಯ ಅಳತೆಯಾಗುವುದು. ಭಾಗಿಸಿದರೆ 2.52.

ಕೊಂಡ ಕೆಲವೇ ದಿನಗಳಲ್ಲಿ ಇಳುವರಿ ಶೇ 11ಕ್ಕೆ ಏರಿತು, ಬೆಲೆ 92.67ಕ್ಕೆ ಬಂತು. ನನ್ನ ಹಿಡುವಳಿಯಲ್ಲಿ ಕರಗಿದ್ದು ಸುಮಾರು 4,700. ನನ್ನ ಅಂದಾಜು 4,800 ಇತ್ತು. ಭಾಗಿಸದವರ ಲೆಕ್ಕದಲ್ಲಿ ಹತ್ತಿರಹತ್ತಿರ 5,300, ಜೊತೆಯವರ ಲೆಕ್ಕದಲ್ಲಿ 5,700. ಆಮೇಲೆ ಯಾರೂ ನಗಲಿಲ್ಲ. ಉಳಿದ ನೂರರ ವ್ಯತ್ಯಾಸ ಬೆಲೆಯ ರೇಖೆ ಬಾಗಿರುವುದರಿಂದ ಬಂದದ್ದು. ಇಳುವರಿ ಶೇ 9ಕ್ಕೆ ಇಳಿದಿದ್ದರೆ ಬೆಲೆ ಶೇ 2.57 ಏರುತ್ತಿತ್ತು, ಅಂದರೆ ಏರುವಾಗ ಸ್ವಲ್ಪ ಹೆಚ್ಚು, ಇಳಿಯುವಾಗ ಸ್ವಲ್ಪ ಕಡಿಮೆ. ಇಳುವರಿ ಮೂರು ನಾಲ್ಕು ಪಾಯಿಂಟ್ ಜಿಗಿದರೆ ಈ ಬಾಗನ್ನು ಬೇರೆಯಾಗಿಯೇ ಸೇರಿಸಿಕೊಳ್ಳಬೇಕು.

ಕುತೂಹಲಕ್ಕೆ ಇನ್ನೊಂದು ಪ್ರಯೋಗವನ್ನೂ ಮಾಡಿದೆ. ಕೊಂಡ ತಕ್ಷಣ ಇಳುವರಿ 9, 10 ಅಥವಾ 11ಕ್ಕೆ ಹೋಗಿ ಅಲ್ಲೇ ನಿಂತಿತು, ಕೂಪನ್‌ಗಳನ್ನೂ ಅದೇ ದರದಲ್ಲಿ ಮರುಹೂಡಿಕೆ ಮಾಡಿದೆ ಎಂದಿಟ್ಟುಕೊಳ್ಳಿ. 2.78 ವರ್ಷಕ್ಕೆ ಮಾರಿದರೆ ಮೂರೂ ಸಂದರ್ಭಗಳಲ್ಲಿ ಕೈಗೆ ಬರುವುದು ನೂರಕ್ಕೆ 123.82ರ ಆಸುಪಾಸು. ಬೆಲೆಯಲ್ಲಿ ಕಳೆದದ್ದನ್ನು ಮರುಹೂಡಿಕೆಯ ಬಡ್ಡಿ ತುಂಬಿಕೊಟ್ಟಿರುತ್ತದೆ. ಹಣ ಬೇಕಾಗುವ ದಿನಕ್ಕೆ ಡ್ಯುರೇಷನ್ ಹೊಂದಿಸಿ ಬಾಂಡು ಆರಿಸುವುದನ್ನು ನಾನು ಆಗಿನಿಂದ ರೂಢಿ ಮಾಡಿಕೊಂಡೆ.

ಅರ್ಧವರ್ಷಕ್ಕೊಮ್ಮೆ ಕೂಪನ್ ಕೊಡುವ ಬಾಂಡಾದರೆ ಮಾತ್ರ ಎಚ್ಚರ. ಇದೇ ದರಗಳಿಗೆ ಉತ್ತರ 5.43 ಎಂದು ಬರುತ್ತದೆ. ಮೂರು ವರ್ಷದ ಬಾಂಡಿನ ಡ್ಯುರೇಷನ್ ಮೂರನ್ನು ದಾಟಲಾರದು, ಹಾಗಾಗಿ ಅದು ಅರ್ಧವರ್ಷಗಳ ಸಂಖ್ಯೆ ಎಂದು ನೋಡಿದೊಡನೆ ತಿಳಿಯಬೇಕು. ಎರಡರಿಂದ ಭಾಗಿಸಿದರೆ 2.72, ಸೂಕ್ಷ್ಮತೆ ಬೇಕಾದರೆ ಅದನ್ನು ಭಾಗಿಸಬೇಕಾದದ್ದು 1.05ರಿಂದ, 1.10ರಿಂದಲ್ಲ.